ಐರಿನ್ ಸಿಸ್ಟರಿಗೆ ಅಭಿನಂದನೆ

ಮಂಗಳೂರು

ಪ್ರೀತಿಯ ಐರಿನ್ ಸಿಸ್ಟರ್,

ನೀವು ಇಂಗ್ಲೆಂಡಿನಲ್ಲಿ ಬ್ಯಾಂಡ್ 7ರ ದರ್ಜೆಗೆ ಏರಿ ವಾರ್ಡ್ ಮ್ಯಾನೇಜರ್ ಆದಿರಂತೆ. ಲವೀನಾ ಹೇಳಿದ ಕೂಡಲೇ ಇಲ್ಲಿ ಡ್ಯೂಟಿ ಮುಗಿದವರೂ ಮನೆಗೆ ಹೋಗದೆ ನಿಂತೇ ಮಾತಾಡಿದರು. ಪುರುಷರ ಮೆಡಿಕಲ್ ವಾರ್ಡಿನ ಎಲ್ಲರ ಪರವಾಗಿ ಅಭಿನಂದನೆಗಳು. ಆಯಾ ಗುಲಾಬಕ್ಕನ ಅಭಿನಂದನೆ ಬೇರೆಯೇ ತಿಳಿಸಬೇಕಂತೆ, ಗುಂಪಿನಲ್ಲಿ ಸೇರಿಸಬಾರದಂತೆ. ಸೇರಿಸಿಲ್ಲ.

ಈ ಕಾಗದವನ್ನು ಲವೀನಾ ಇಂಗ್ಲಿಷಿಗೆ ತಿರುಗಿಸಿ ಜೊತೆಗಿಡುತ್ತಾಳೆ. ಲೆಸ್ಟರಿನ ನಿಮ್ಮ ಟೀಮಿನವರೂ ಓದಲಿ ಎಂದು ನಮ್ಮ ಆಸೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೇ ಅಲ್ಲಲ್ಲಿ ಬಿಡಿಸಿ ಬರೆದಿದ್ದೇನೆ, ಸಹಿಸಿಕೊಳ್ಳಿ.

ಅಲ್ಲಿಯವರಿಗೆ ಮೊದಲು ತಿಳಿಯಬೇಕಾದ್ದು, ನಿಮ್ಮ ಹೊಸ ಮ್ಯಾನೇಜರ್ ಇಲ್ಲಿ ಮೊದಲೇ ಇನ್‌ಚಾರ್ಜ್ ಸಿಸ್ಟರ್ ಆಗಿದ್ದವರು. ವಿದೇಶಕ್ಕೆ ಹೋದ ಮೇಲೆ ಕೆಲಸ ಮಾಡಿ ತೋರಿಸುವ ಓಸ್ಕಿ ಪರೀಕ್ಷೆ ಕೊಟ್ಟು, ಅಲ್ಲಿಯ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಯ ರಿಜಿಸ್ಟ್ರೇಷನ್ ಪಡೆದು, ಬ್ಯಾಂಡ್ 5ರ ಸ್ಟಾಫ್ ನರ್ಸ್ ಆಗಿ ಮತ್ತೆ ಕೆಳಗಿನಿಂದ ಶುರು ಮಾಡಿದರು. ತಮಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡಿದರು. ಅದರ ಬಗ್ಗೆ ಫೋನಿನಲ್ಲಿ ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಿಲ್ಲ. ಚಳಿಯ ಬಗ್ಗೆ ಗೊಣಗಿದ್ದು ಬಹಳ ಕೇಳಿದ್ದೇನೆ.

ಜೂನ್ ಬಂತೆಂದರೆ ಕರಾವಳಿಯಲ್ಲಿ ಜ್ವರದ ಕಾಲ. ಡೆಂಗಿ, ಮಲೇರಿಯಾ, ಗದ್ದೆ ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರ. ಹಾಸಿಗೆ ಸಾಲದೆ ನಡುವೆ ಎಕ್ಸ್‌ಟ್ರಾ ಮಂಚ ಹಾಕುವ ಆ ತಿಂಗಳುಗಳಲ್ಲೇ, ಸಿಸ್ಟರ್, ನೀವು ಏನೆಂದು ನಮಗೆ ತಿಳಿದದ್ದು. ರಾತ್ರಿಯ ಚಾರ್ಟುಗಳನ್ನು ಬೆಳಿಗ್ಗೆ ಒಂದೊಂದಾಗಿ ತಿರುವುತ್ತಿದ್ದಿರಿ. ಟೆಂಪರೇಚರ್, ಬಿಪಿ, ಪಲ್ಸ್ ಎಲ್ಲ ಬೇರೆ ಬೇರೆ. ಉಸಿರಾಟದ ಕಾಲಮ್ಮಿನಲ್ಲಿ ಮಾತ್ರ ಎಲ್ಲರಿಗೂ 18. ಒಂದು ದಿನ ಸ್ಟೂಡೆಂಟುಗಳನ್ನು ಕರೆದು, “ಏನು, ಇಡೀ ವಾರ್ಡು ನಿನ್ನೆ ತಾಳ ಹಾಕಿಕೊಂಡು ಉಸಿರಾಡಿತಾ?” ಎಂದು ಕೇಳಿದಿರಿ. ಬೈಗುಳ ಅಷ್ಟೇ. ಆಮೇಲೆ ಒಬ್ಬೊಬ್ಬರನ್ನೂ ಹಾಸಿಗೆಯ ಬಳಿ ಕರೆದೊಯ್ದು ತೋರಿಸಿದಿರಿ: ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಳ್ಳಿ, ಕಣ್ಣು ಎದೆಯ ಮೇಲಿರಲಿ, ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ರೋಗಿ ಉಸಿರಾಟವನ್ನೇ ಬದಲಿಸಿಬಿಡುತ್ತಾನೆ.

ಆ ಮಳೆಗಾಲದಲ್ಲೇ ಬಂದ ಅಡಿಕೆ ತೋಟದ ಕೆಲಸದವರನ್ನು ಮರೆತಿರಲಿಕ್ಕಿಲ್ಲ. ಜ್ವರ ಇಳಿದಿತ್ತು, ಸ್ಯಾಚುರೇಷನ್ ಸರಿಯಿತ್ತು, ಬೆಲ್ ಒತ್ತಿದವರೂ ಅಲ್ಲ, ಏನು ಕೇಳಿದರೂ “ಪರವಾಗಿಲ್ಲ” ಎನ್ನುತ್ತಿದ್ದರು. ನೀವು ಎಣಿಸಿದಿರಿ, 28. ಡಾಕ್ಟರು ಬಂದು ನೋಡಿ ಐಸಿಯುಗೆ ಒಯ್ದರು. ಇಲಿಜ್ವರ ಶ್ವಾಸಕೋಶಕ್ಕೆ ಇಳಿದಿತ್ತು. ಅವರು ನಡೆದುಕೊಂಡೇ ಮನೆಗೆ ಹೋದರು. ರೋಗಿಯ ಸ್ಥಿತಿಗೆ ಅಂಕ ಹಾಕುವ ನಿಮ್ಮಲ್ಲಿನ ನ್ಯೂಸ್2 ಲೆಕ್ಕದಲ್ಲಿ ನಿಮಿಷಕ್ಕೆ ಉಸಿರು 25 ಆದರೆ ಆ ಒಂದಕ್ಕೇ 3 ಅಂಕ, ತಕ್ಷಣ ಡಾಕ್ಟರರನ್ನು ಕರೆಯಬೇಕು ಅಂತ ಲವೀನಾ ಹೇಳಿದಳು. ಇಲ್ಲಿ ಆಗ ಅಂಥ ಶೀಟ್ ಇರಲಿಲ್ಲ, ನೀವಿದ್ದಿರಿ.

ಸುಮ್ಮನೆ ಮಲಗಿರುವವರನ್ನು ಮೊದಲು ನೋಡುವುದು ನಿಮ್ಮ ಪದ್ಧತಿ. ಕೂಗುವವರ ಬಳಿಗೆ ಯಾರಾದರೂ ಹೋಗುತ್ತಾರೆ ಎನ್ನುತ್ತಿದ್ದಿರಿ. ಸ್ಟಾಫಿನ ವಿಷಯದಲ್ಲೂ ಹಾಗೆಯೇ. ರೋಸ್ಟರಿನಲ್ಲಿ ಸಾಲು ಸಾಲು ನೈಟ್ ಬಿದ್ದರೂ ತುಟಿ ಬಿಚ್ಚದ ಹುಡುಗಿಯರ ಹೆಸರನ್ನು ನೀವೇ ಬದಲಿಸುತ್ತಿದ್ದಿರಿ. ಈಗ ಅಲ್ಲಿ ರೋಸ್ಟರ್ ನಿಮ್ಮ ಕೈಗೆ ಬಂದಿದೆ. ಆ ವಾರ್ಡಿನ ಮೌನಿಗಳು ಅದೃಷ್ಟವಂತರು. ಒಂದೇ ಭಯ. ಮ್ಯಾನೇಜರ್ ಆದವರಿಗೆ ಮೀಟಿಂಗು, ಇಮೇಲು, ಆಡಿಟ್ಟು ಜಾಸ್ತಿಯಂತೆ. ಅವು ನಿಮ್ಮನ್ನು ಪೂರ್ತಿ ಆಫೀಸಿಗೆ ಎಳೆದುಕೊಳ್ಳದಿರಲಿ.

ರಾಬರ್ಟಣ್ಣನಿಗೂ ಮಕ್ಕಳಿಗೂ ನಮ್ಮ ನಮಸ್ಕಾರ. ಕ್ರಿಸ್‌ಮಸ್ಸಿಗೆ ಊರಿಗೆ ಬರುತ್ತೀರೆಂದು ಕೇಳಿದೆವು. ಹಬ್ಬದ ತಿಂಡಿ ಕುಸ್ವಾರ್ ತರುವುದು ಹೇಗೂ ನಿಮ್ಮ ಜವಾಬ್ದಾರಿ, ಪ್ರಮೋಷನ್ ಆದ ಮೇಲೆ ಡಬ್ಬಿ ದೊಡ್ಡದಿರಬೇಕು. ವಾರ್ಡಿಗೆ ಬಂದಾಗ ಹೊಸ ಬ್ಯಾಚಿನ ಸ್ಟೂಡೆಂಟುಗಳಿಗೆ ಒಂದು ಗಂಟೆ ಕ್ಲಾಸ್ ತೆಗೆದುಕೊಳ್ಳಬೇಕು. ಮೇಟ್ರನ್ ಒಪ್ಪಿದ್ದಾರೆ. ಯಾವ ದಿನ ಅನುಕೂಲ ಎಂದು ಲವೀನಾಗೆ ಮೆಸೇಜ್ ಮಾಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.

ನಿಮ್ಮ ಪ್ರೀತಿಯ,
ಶಶಿಕಲಾ
ಮತ್ತು ಪುರುಷರ ಮೆಡಿಕಲ್ ವಾರ್ಡಿನ ಎಲ್ಲರೂ

ಗುಲಾಬಕ್ಕ (ಬೇರೆಯಾಗಿ)