ಮೇಷ್ಟ್ರ ಅತ್ತರು

ಶೀಶೆ ಖಾಲಿಯಾಗಿದ್ದಷ್ಟೇ ಅಲ್ಲ, ಸೀಗೆಪುಡಿ ಹಾಕಿ ತೊಳೆದಿದ್ದರು. ಮೂಸಿದರೆ ಬರೀ ಸೀಗೆ.

"ಸೊಸೆ ಪಾಪ, ಗೊತ್ತಿಲ್ಲದೆ ತೊಳೆದುಬಿಟ್ಟಳು ಕಣಪ್ಪಾ," ಅಂದರು ಮೇಷ್ಟ್ರ ಹೆಂಡತಿ. "ನಾಡಿದ್ದು ಅವರ ವರ್ಷದ ತಿಥಿ. ಅದೇ ವಾಸನೆ ಬೇಕು."

ದೇವರಾಜ ಮಾರ್ಕೆಟ್ಟಿನ ಈ ಅಂಗಡಿಗೆ ನಾನು ಸೇರಿ ಆರು ವರ್ಷ. ಚಾಚಾಗೆ ಒಂದು ಜ್ವರ ಬಂದು ಮೂಗು ಹೋದಮೇಲೆ ಬೆರೆಸೋದೆಲ್ಲ ನಾನೇ. ಅವರು ಪುಸ್ತಕ ತೆಗೆದು ಓದಿದರು: ಗಂಧದೆಣ್ಣೆ, ಮಲ್ಲಿಗೆ, ಲಾವಂಚ. ಹನಿ ಲೆಕ್ಕದ ಸಮೇತ. ಹಾಗೇ ಬೆರೆಸಿ ಹತ್ತಿಗೆ ಹಚ್ಚಿ ಕೊಟ್ಟೆ.

"ಚೆನ್ನಾಗಿದೆ. ಆದ್ರೆ ಇದು ಅವರದ್ದಲ್ಲ."

ನನಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಒಂದು ಶುಕ್ರವಾರ ಚಾಚಾ ನಮಾಜಿಗೆ ಹೋಗಿದ್ದಾಗ ಲಾವಂಚ ಮುಗಿದಿತ್ತು. ಸುಮ್ನೆ ದವನದ ಎಣ್ಣೆ ಹಾಕಿ ಕೊಟ್ಟಿದ್ದೆ. ಮುಂದಿನ ತಿಂಗಳು ಮೇಷ್ಟ್ರು ಬಂದು, "ಇನ್ಮೇಲೆ ಹೀಗೇ ಕೊಡಪ್ಪ" ಅಂದರು. ಕೊನೆವರೆಗೂ ಹಾಗೇ ಕೊಟ್ಟೆ. ಎಲ್ಲೂ ಬರೆದಿಡಲಿಲ್ಲ. ಬರೆದರೆ ಸಿಕ್ಕಿಬೀಳ್ತಿದ್ದೆ, ಅಲ್ವಾ?

ಈಗ ಉಳಿದಿದ್ದು ನನ್ನ ಮೂಗಿನ ನೆನಪು ಮಾತ್ರ. ಮೇಷ್ಟ್ರು ಕಿವಿಯ ಮಡಿಕೆಯಲ್ಲಿ ಹತ್ತಿ ಇಟ್ಟುಕೊಂಡು ಗಲ್ಲಾಪೆಟ್ಟಿಗೆ ಮೇಲೆ ಬಗ್ಗುತ್ತಿದ್ದರು. ಮೊದಲು ಕಳಿತ ಹಣ್ಣಿನ ಘಮ, ಆಮೇಲೆ ಒಣಹುಲ್ಲು, ತೀರಾ ಹಿಂದೆ ಗಂಧ. ದವನ ಒಂದು ಹನಿ ಜಾಸ್ತಿಯಾದರೆ ಕಷಾಯ. ಕಮ್ಮಿಯಾದರೆ ಬರೀ ಮಲ್ಲಿಗೆ ಮಾಲೆ. ನಾಲ್ಕು ಸಲ ಕೆಟ್ಟಿತು. ನಡುನಡುವೆ ನನ್ನ ಅಂಗಿ ತೋಳನ್ನೇ ಮೂಸಿ ಮೂಗು ತಿಳಿ ಮಾಡಿಕೊಂಡೆ. ಐದನೇದು ಹತ್ತಿಗೆ ಹಚ್ಚಿದಾಗ ಎದುರಿಗೆ ಮೇಷ್ಟ್ರೇ ಬಗ್ಗಿದ ಹಾಗಾಯಿತು.

ಅಮ್ಮ ಮಣಿಕಟ್ಟಿಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕಾದರು. ತಲೆ ಅಲ್ಲಾಡಿಸಿದರು. "ಹತ್ತಿಯಲ್ಲಿ ಇದೆ, ಕೈಮೇಲೆ ಇಲ್ಲ."

"ದವನ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಅಮ್ಮಾ," ಅಂದರು ಚಾಚಾ, ಪುಸ್ತಕದಿಂದ ತಲೆ ಎತ್ತದೆ. ನನ್ನ ಎದೆ ಧಸಕ್ಕೆಂದಿತು. "ಮಗ ಬಂದಿದ್ದಾನಾ?"

ಮಗ ಹೊರಗೆ ಹೂವಿನ ಸಾಲಲ್ಲಿ ಸ್ಕೂಟರ್ ಕೀಲಿ ತಿರುಗಿಸುತ್ತಾ ನಿಂತಿದ್ದ. ಒಳಗೆ ಬಂದು ಸಂಕೋಚದಿಂದ ಕೈ ಚಾಚಿದ. ಹಚ್ಚಿದೆ. ಅಮ್ಮ ಆ ಕೈ ಹಿಡಿದು ಮೂಗಿಗೆ ತಂದುಕೊಂಡರು. "ಸಾಕಮ್ಮಾ, ಜನ ನೋಡ್ತಾರೆ," ಅಂದ ಅವನು. ಅವರು ಬಿಡಲಿಲ್ಲ.

ಅವರು ಹೋದಮೇಲೆ ಕೇಳಿದೆ, "ಚಾಚಾ, ನಿಮಗೆ ಹೇಗೆ ಗೊತ್ತಾಯ್ತು?"

"ಮೇಷ್ಟ್ರು ಹೋದ ತಿಂಗಳಿಂದ ದವನದ ಶೀಶೆ ಇಳಿಯೋದೇ ನಿಂತೋಯ್ತು. ನನಗೆ ಹೋಗಿರೋದು ಮೂಗು ಕಣೋ, ಲೆಕ್ಕ ಅಲ್ಲ." ಪುಸ್ತಕ, ಪೆನ್ನು ನನ್ನ ಕಡೆ ತಳ್ಳಿದರು. "ಎಷ್ಟು ಹನಿ?"

"ಏಳು."

"ಬರಿ. ಯಾವತ್ತಿಂದ ಅಂತಾನೂ ಬರಿ."