ಅನನ್ಯಾ–ನಿಖಿಲ್ ಮದುವೆಯ ಕರೆಯೋಲೆ

ದಿವಂಗತ ಶ್ರೀ ರಾಘವೇಂದ್ರ ಅವರ ನೆನಪನ್ನು ಎದೆಯಲ್ಲಿಟ್ಟುಕೊಂಡು

ಮಾನ್ಯರೇ,

ನನ್ನ ಮತ್ತು ದಿವಂಗತ ರಾಘವೇಂದ್ರ ಅವರ ಒಬ್ಬಳೇ ಮಗಳು
ಚಿ. ಸೌ. ಅನನ್ಯಾ

ಹಾಗೂ

ಶ್ರೀಮತಿ ವಸುಧಾ ಅವರ ಮತ್ತು
ಶ್ರೀ ಮೋಹನ್ ಅವರ ಮಗ
ಚಿ. ನಿಖಿಲ್

ಇವರ ವಿವಾಹವನ್ನು 2027ರ ಫೆಬ್ರವರಿ 7, ಭಾನುವಾರ, ಬೆಳಿಗ್ಗೆ 11 ಗಂಟೆಗೆ ನಮ್ಮ ಮನೆಯಂಗಳದಲ್ಲಿ ನಡೆಸಲು ಗುರುಹಿರಿಯರು ನಿಶ್ಚಯಿಸಿದ್ದಾರೆ. ತಾವು ಕುಟುಂಬ ಸಮೇತರಾಗಿ ಬಂದು ವಧೂವರರನ್ನು ಮನಸಾರೆ ಹರಸಬೇಕೆಂದು ಕೋರುತ್ತೇವೆ.

ತಮ್ಮ ಆಗಮನವನ್ನು ಬಯಸುವ,

ಸುಮಿತ್ರಾ, ವಧುವಿನ ತಾಯಿ
ವಸುಧಾ, ವರನ ತಾಯಿ
ಮೋಹನ್, ವರನ ತಂದೆ
ಶ್ರೀಧರ, ವಧುವಿನ ಚಿಕ್ಕಪ್ಪ

---

*ಒಳಪುಟ: ನಮ್ಮ ಹತ್ತಿರದವರಿಗೆ*

ಪ್ರೀತಿಯ ಬಂಧುಗಳೇ, ಸ್ನೇಹಿತರೇ,

ಅಚ್ಚಾದ ನಾಲ್ಕು ಸಾಲಿನ ಜೊತೆಗೆ ನನ್ನದೂ ಎರಡು ಮಾತು ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಗಳ ಮದುವೆ ಗೊತ್ತಾದರೆ ಒಂದು ಮನೆಯನ್ನೂ ಬಿಡದೆ ನಾನೇ ಹೋಗಿ ಕರೆಯುತ್ತೇನೆ ಎನ್ನುತ್ತಿದ್ದರು ಇವರು. ಅವರು ಹೋಗಿ ಮೂರು ವರ್ಷವಾಗುತ್ತಾ ಬಂತು. ಕರೆಯೋಲೆ ಬರೆಯಲು ಕೂತಾಗ, ಹೆಣ್ಣಿನ ಕಡೆಯಿಂದ ಕರೆಯುವವರು ಶ್ರೀಧರನೇ ಆಗಲಿ ಎಂದು ಕೆಲವು ಹಿರಿಯರು ಹೇಳಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ಶ್ರೀಧರ ಕೇಳಲಿಲ್ಲ. "ಅತ್ತಿಗೆ, ಅಣ್ಣ ಇಲ್ಲದಾಗ ಕರೆಯಬೇಕಾದವರು ನೀವು. ನನ್ನ ಹೆಸರು ಕೊನೆಯಲ್ಲಿರಲಿ" ಎಂದ. ಹಾಗಾಗಿ ಈ ಕರೆ ನನ್ನದು. ಗಂಡನಿಲ್ಲದವಳು ಮುಂದೆ ನಿಂತು ಕರೆಯುವುದು ಹೇಗೆ ಎಂಬ ಅಳುಕು ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ದಯವಿಟ್ಟು ಅದನ್ನು ಬಿಟ್ಟು ಬನ್ನಿ. ಅವಳನ್ನು ಹೆತ್ತವಳು ನಾನು, ಧಾರೆಯ ಹೊತ್ತಿನಲ್ಲಿ ಅವಳ ಪಕ್ಕ ನಿಲ್ಲುವವಳೂ ನಾನೇ.

ತಂದೆಯ ಹೆಸರಿನ ಹಿಂದೆ 'ದಿವಂಗತ' ಎಂದು ಬರೆಯಲು ಅನನ್ಯಾಗೆ ಕೈ ಬರಲಿಲ್ಲ. ಬರೆಯದಿದ್ದರೆ, ದೂರದಲ್ಲಿದ್ದು ಸುದ್ದಿ ತಿಳಿಯದವರು ಬಂದು "ಅಪ್ಪ ಎಲ್ಲಮ್ಮಾ?" ಎಂದು ಕೇಳಬಹುದು. ಆ ಪ್ರಶ್ನೆ ಅವಳಿಗೂ ಕಷ್ಟ, ಕೇಳಿದವರಿಗೂ ಕಷ್ಟ. ಆದ್ದರಿಂದ ಆ ಪದ ಉಳಿಯಿತು. ಅವರನ್ನು ಕರೆಯುವವರ ಸಾಲಿನಲ್ಲಿ ಸೇರಿಸಲಿಲ್ಲ, ಮೊದಲ ಸಾಲಿನಲ್ಲಿ ನೆನೆದಿದ್ದೇವೆ.

ನಿಖಿಲ್‌ನ ತಾಯಿ ತಂದೆಯ ಹೆಸರುಗಳು ಬೇರೆ ಬೇರೆ ಸಾಲಿನಲ್ಲಿರುವುದನ್ನು ನೀವು ಗಮನಿಸಿರಬಹುದು. ಅವರು ವಿಚ್ಛೇದನ ಪಡೆದು ಬಹಳ ವರ್ಷಗಳಾದವು. ಇದನ್ನು ಇಲ್ಲಿ ಬರೆಯಲು ಇಬ್ಬರೂ ಒಪ್ಪಿದ್ದಾರೆ, ಬರೆದದ್ದನ್ನು ಓದಿಯೂ ನೋಡಿದ್ದಾರೆ. ಒಂದೇ ಸಾಲಿನಲ್ಲಿ ದಂಪತಿಗಳೆಂದು ಬರೆದರೆ ಸುಳ್ಳಾಗುತ್ತಿತ್ತು. ಒಬ್ಬರ ಹೆಸರನ್ನು ಕೈಬಿಟ್ಟಿದ್ದರೆ ಆ ಹುಡುಗನಿಗೆ ಅನ್ಯಾಯವಾಗುತ್ತಿತ್ತು. ಅವನನ್ನು ಮನೆಯಲ್ಲಿಟ್ಟು ಬೆಳೆಸಿದವರು ವಸುಧಾ, ಅದಕ್ಕೇ ಅವರ ಹೆಸರು ಮೊದಲು. ಹಾಗೆ ಇರಲಿ ಎಂದವರು ಮೋಹನ್ ಅವರೇ. ಆ ಮಾತು ಕೇಳಿದ ದಿನ ಅವರ ಮೇಲಿನ ಗೌರವ ನನಗೆ ಹೆಚ್ಚಾಯಿತು.

ಇಬ್ಬರೂ ಮದುವೆಗೆ ಬರುತ್ತಾರೆ, ಇಬ್ಬರ ಕಡೆಯ ಬಂಧುಗಳೂ ಬರುತ್ತಾರೆ. ಇಬ್ಬರನ್ನೂ ಬೀಗರೆಂದೇ ಮಾತನಾಡಿಸಿ. ಮಗನ ಜೊತೆ ಅವರು ಬೇರೆ ಬೇರೆಯಾಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಟ್ಟಿಗೆ ನಿಲ್ಲಿ ಎಂದು ಯಾರೂ ಒತ್ತಾಯ ಮಾಡಬೇಡಿ. ಹಳೆಯದನ್ನು ಕೆದಕುವುದೂ ಬೇಡ, ಮತ್ತೆ ಒಂದಾಗಿ ಎಂದು ಬುದ್ಧಿ ಹೇಳುವುದೂ ಬೇಡ. ಇದು ನಿಖಿಲ್ ನನ್ನ ಹತ್ತಿರ ಬಾಯಿಬಿಟ್ಟು ಕೇಳಿಕೊಂಡ ಒಂದೇ ಒಂದು ವಿಷಯ.

ಉಡುಗೊರೆ ಏನೂ ಬೇಡ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇವರ ಹಳೆಯ ಫೋಟೋ ಇದ್ದರೆ, ಅದರ ಒಂದು ಪ್ರತಿ ತನ್ನಿ. ಅಪ್ಪ ತನ್ನ ವಯಸ್ಸಿನಲ್ಲಿ ಹೇಗಿದ್ದರು ಎಂದು ನೋಡುವ ಆಸೆ ಅನನ್ಯಾಗೆ. ನಮ್ಮ ಮನೆಯಲ್ಲಿ ಆ ಕಾಲದ್ದು ಎರಡೇ ಇವೆ.

ಎಷ್ಟು ಜನ ಬರುತ್ತೀರಿ ಎಂಬುದನ್ನು ಜನವರಿ 24ರೊಳಗೆ ನನಗೋ ಶ್ರೀಧರನಿಗೋ ಫೋನ್ ಮಾಡಿ ತಿಳಿಸಿ. ಹತ್ತೂವರೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ನಿಮ್ಮ ದಾರಿ ಕಾಯುತ್ತಿರುತ್ತೇನೆ.

ನಿಮ್ಮ,
ಸುಮಿತ್ರಾ