ಕಲ್ಲು ಓದಿಸಿದ ಮೇಷ್ಟ್ರು

ನಮ್ಮ ಇತಿಹಾಸದ ಮೇಷ್ಟ್ರು ಈ ಆಷಾಢದಲ್ಲಿ ತೀರಿಕೊಂಡರು. ಹಾಸನದ ಈ ಕಾಲೇಜಿನಲ್ಲಿ 31 ವರ್ಷ ಪಾಠ ಹೇಳಿದವರು. ಶಾಸನದ ಪಾಠವನ್ನು ಮಾತ್ರ ತರಗತಿಯೊಳಗೆ ಮುಗಿಸಿದ್ದೇ ಇಲ್ಲ. ಭಾನುವಾರ ಬೆಳಿಗ್ಗೆ ನಮ್ಮನ್ನು ಬೇಲೂರು ಬಸ್ಸು ಹತ್ತಿಸಿ, ಯಾವುದೋ ಹೊಲದ ಬದುವಿನ ವೀರಗಲ್ಲಿನ ಮುಂದೆ ಕೂರಿಸುತ್ತಿದ್ದರು. ಪಾಚಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವಷ್ಟು ಹೊತ್ತೂ ಮಾತಿಲ್ಲ. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಮೂಡಿದ ಮೇಲೆ "ಈಗ ನೀನು ಓದಮ್ಮ" ಎಂದು ಪಕ್ಕಕ್ಕೆ ಸರಿಯುವರು.

ತುರು ಕಾಯುತ್ತ ಮಡಿದವನ ಹೆಸರನ್ನು ನಾನು ತಡವರಿಸಿ ಓದಿದ ದಿನ, ಹೊಲದ ಯಜಮಾನರನ್ನು ಕರೆದು ಮತ್ತೊಮ್ಮೆ ಓದಿಸಿದರು. "ನಿಮ್ಮೂರಿನವನು, ನಿಮಗೆ ಗೊತ್ತಿರಬೇಕು" ಎಂದರು.

ಆ ಪಡಿಯಚ್ಚು ವಿಭಾಗದ ಗೋಡೆಯ ಮೇಲಿದೆ. ಮೂಲೆಯಲ್ಲಿ, ಪೆನ್ಸಿಲಿನಲ್ಲಿ, ಅವರ ಕೈಬರಹ: "ಓದಿದವರು, ದ್ವಿತೀಯ ಬಿ.ಎ. ವಿದ್ಯಾರ್ಥಿಗಳು."